‘ಗೆ’ ಇಲ್ಲದ ಭಾಷೆಯಲ್ಲಿ ಕೊಡುವ ಬಗೆ

ಕೊಡುವುದು ಎಂದರೆ ಮೂವರ ವ್ಯವಹಾರ. ಕೊಡುವವರೊಬ್ಬರು, ಕೊಡುವ ವಸ್ತುವೊಂದು, ತೆಗೆದುಕೊಳ್ಳುವವರೊಬ್ಬರು. ‘ಓಡು’, ‘ನಗು’ ಎಂಬ ಕ್ರಿಯಾಪದಗಳಿಗೆ ಒಬ್ಬರಿದ್ದರೆ ಸಾಕು. ‘ತಿನ್ನು’, ‘ಒಡೆ’ ಎಂಬುವಕ್ಕೆ ಇಬ್ಬರು ಬೇಕು. ‘ಕೊಡು’, ‘ಕಳಿಸು’, ‘ತೋರಿಸು’, ‘ಕಲಿಸು’ ಎಂಬಂಥವು ಮೂವರನ್ನು ಕೇಳುತ್ತವೆ. ಕೈಯಿಂದ ಕೈಗೆ ದಾಟುವ ವಸ್ತುವನ್ನು ವ್ಯಾಕರಣವು ನೇರ ಕರ್ಮ ಎನ್ನುತ್ತದೆ, ಅದು ಯಾರ ಕೈ ಸೇರುತ್ತದೋ ಅವರನ್ನು ಪರೋಕ್ಷ ಕರ್ಮ ಎನ್ನುತ್ತದೆ. ಇಂಗ್ಲಿಷ್ ಪಾಠದಲ್ಲಿ ಇವೇ ಡೈರೆಕ್ಟ್ ಆಬ್ಜೆಕ್ಟ್ ಮತ್ತು ಇನ್‌ಡೈರೆಕ್ಟ್ ಆಬ್ಜೆಕ್ಟ್. ಹೆಸರು ಕಲಿಯುವುದು ಕಷ್ಟವಲ್ಲ. ವಾಕ್ಯದಲ್ಲಿ ಇವೆರಡರಲ್ಲಿ ಯಾವುದು ಮೊದಲು ಬರಬೇಕು ಎಂಬಲ್ಲಿ ಕನ್ನಡ ಒಂದು ದಾರಿ ಹಿಡಿದಿದೆ, ಇಂಗ್ಲಿಷ್ ಇನ್ನೊಂದು. ಕನ್ನಡಿಗರು ಇಂಗ್ಲಿಷ್ ಬರೆಯುವಾಗ ಮತ್ತೆ ಮತ್ತೆ ಎಡವುವ ಜಾಗಗಳಲ್ಲಿ ಇದೂ ಒಂದು.

ಕನ್ನಡದ ಏರ್ಪಾಡು ಸರಳ. ‘ರಾಜ ಮಂತ್ರಿಗೆ ಆನೆಯನ್ನು ಕೊಟ್ಟ’ ಎಂಬ ವಾಕ್ಯವನ್ನು ತೆಗೆದುಕೊಳ್ಳಬಹುದು. ‘ಮಂತ್ರಿ’ಗೆ ಚತುರ್ಥಿಯ ‘ಗೆ’ ಅಂಟಿದೆ, ‘ಆನೆ’ಗೆ ದ್ವಿತೀಯೆಯ ‘ಅನ್ನು’ ಅಂಟಿದೆ. ಪ್ರತಿಯೊಂದು ಪದವೂ ತನ್ನ ಗುರುತಿನ ಚೀಟಿಯನ್ನು ಬಾಲದಲ್ಲಿ ಕಟ್ಟಿಕೊಂಡು ಬಂದಿರುವುದರಿಂದ ಅದು ಎಲ್ಲಿ ಕೂತರೂ ಪರಿಚಯ ತಪ್ಪುವುದಿಲ್ಲ. ‘ಆನೆಯನ್ನು ರಾಜ ಮಂತ್ರಿಗೆ ಕೊಟ್ಟ’ ಎನ್ನಿ, ‘ಮಂತ್ರಿಗೆ ಆನೆಯನ್ನು ಕೊಟ್ಟ ರಾಜ’ ಎನ್ನಿ, ಆನೆ ಸೇರುವುದು ಮಂತ್ರಿಯ ಲಾಯವನ್ನೇ. ಒತ್ತು ಬೇರೆಯಾದೀತು, ಅರ್ಥ ಅದಲುಬದಲಾಗದು.

ಇಂಗ್ಲಿಷಿನಲ್ಲಿ ಇದೇ ಮಾತು ‘ದ ಕಿಂಗ್ ಗೇವ್ ದ ಮಿನಿಸ್ಟರ್ ದ ಎಲಿಫೆಂಟ್’ ಎಂದಾಗುತ್ತದೆ. ರಾಜ, ಮಂತ್ರಿ, ಆನೆ ಮೂರಕ್ಕೂ ಹಿಂದೆ ‘ದ’ ಇದೆಯೇ ಹೊರತು ಯಾವುದಕ್ಕೂ ಬಾಲವಿಲ್ಲ. ಹಾಗಿದ್ದರೆ ಪಡೆದವರು ಯಾರೆಂದು ತಿಳಿಯುವುದು ಹೇಗೆ? ಜಾಗದಿಂದ. ಕ್ರಿಯಾಪದದ ಬೆನ್ನಿಗೇ ಬರುವ ಮೊದಲ ಜಾಗ ಪಡೆಯುವವರದು, ಅದರ ಮುಂದಿನದು ವಸ್ತುವಿನದು. ಆ ಎರಡನ್ನು ಅದಲುಬದಲು ಮಾಡಿ ‘ದ ಕಿಂಗ್ ಗೇವ್ ದ ಎಲಿಫೆಂಟ್ ದ ಮಿನಿಸ್ಟರ್’ ಎಂದರೆ ಮಂತ್ರಿಯನ್ನೇ ಆನೆಗೆ ಕೊಟ್ಟಂತಾಗುತ್ತದೆ. ಕನ್ನಡದಲ್ಲಿ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಪದ ಕೂತ ಜಾಗವೇ ಮಾಡುತ್ತದೆ.

ಇಂಗ್ಲಿಷಿಗೆ ಎರಡನೆಯ ದಾರಿಯೂ ಇದೆ. ವಸ್ತುವನ್ನೇ ಮೊದಲು ಹೇಳಿ, ಪಡೆಯುವವರ ಹಿಂದೆ ‘ಟು’ ಎಂಬ ಪುಟ್ಟ ಪದ ಇಡುವುದು: ‘ದ ಕಿಂಗ್ ಗೇವ್ ದ ಎಲಿಫೆಂಟ್ ಟು ದ ಮಿನಿಸ್ಟರ್’. ಇಲ್ಲಿ ‘ಟು’ ಗುರುತು ಹೇಳುವುದರಿಂದ ಜಾಗದ ಹಂಗು ಅಷ್ಟಿಲ್ಲ. ಹೀಗೆ ಒಂದೇ ಮಾತಿಗೆ ಎರಡು ಅಚ್ಚು. ಪಡೆಯುವವರು ಮೊದಲು ಬಂದರೆ ‘ಟು’ ಬೇಡ, ವಸ್ತು ಮೊದಲು ಬಂದರೆ ‘ಟು’ ಬೇಕೇ ಬೇಕು. ಎರಡನ್ನೂ ಬೆರೆಸಿ ‘ಗೇವ್ ಟು ದ ಮಿನಿಸ್ಟರ್ ದ ಎಲಿಫೆಂಟ್’ ಎಂದು ಬರೆದರೆ ಇಂಗ್ಲಿಷ್ ಕಿವಿಗೆ ಕರಕರೆ ಎನಿಸುತ್ತದೆ. ‘ಮಂತ್ರಿಗೆ ಆನೆಯನ್ನು’ ಎಂಬ ಕನ್ನಡದ ಕ್ರಮವನ್ನೂ ಉಳಿಸಿಕೊಂಡು ‘ಗೆ’ಗೆ ಬದಲಾಗಿ ‘ಟು’ವನ್ನೂ ತಂದಾಗ ಹುಟ್ಟುವ ವಾಕ್ಯ ಇದು. ‘ಗಿವ್ ಟು ಮೀ ದ ಬುಕ್’, ‘ಟೆಲ್ ಟು ಹಿಮ್ ದ ಮ್ಯಾಟರ್’ ಎಂದು ಕೇಳಿಬರುವುದೆಲ್ಲ ಇದೇ ಬೆರಕೆ.

ಕನ್ನಡನಾಡಿನಲ್ಲಿ ಇಂಗ್ಲಿಷ್ ಕಲಿತ ಬಹುಪಾಲು ಜನರಿಗೆ ಮೊದಲನೆಯ ಅಚ್ಚಿನ ಒಂದು ಮಾದರಿ ಬಾಯಿಪಾಠವಾಗಿಯೇ ಬರುತ್ತದೆ. ಶಾಲೆಯ ರಜಾ ಅರ್ಜಿಯಲ್ಲಿ ಹೊಟ್ಟೆನೋವಿನ ಕಾರಣ ಬರೆದ ಮೇಲೆ ಬರುವ ಸಾಲು ಅದು: ‘ಕೈಂಡ್ಲಿ ಗ್ರಾಂಟ್ ಮೀ ಲೀವ್ ಫಾರ್ ಟು ಡೇಸ್’. ‘ಗ್ರಾಂಟ್’ ಎಂದರೆ ದಯಪಾಲಿಸು. ‘ಮೀ’ ಪಡೆಯುವವನು, ‘ಲೀವ್’ ದಯಪಾಲಿಸಬೇಕಾದ ವಸ್ತು. ‘ಟು’ ಎಲ್ಲಿಯೂ ಇಲ್ಲ. ಈ ಸಾಲನ್ನು ಸಾವಿರ ಸಲ ಬರೆದವರು ಕೂಡ ‘ಗಿವ್ ಟು ಮೀ’ ಎಂದಾಗ ಎಡವುವುದುಂಟು. ಸಾಲು ಉರು ಹೊಡೆದದ್ದಾಗಿತ್ತು, ಅದರೊಳಗಿನ ಕಟ್ಟಡವನ್ನು ಯಾರೂ ಬಿಚ್ಚಿ ತೋರಿಸಿರಲಿಲ್ಲ.

ಯಾವುದು ನೇರ, ಯಾವುದು ಪರೋಕ್ಷ ಎಂದು ಗೊಂದಲವಾದರೆ ಒಂದು ಪರೀಕ್ಷೆ ಇದೆ. ಎರಡು ಕರ್ಮಗಳಲ್ಲಿ ಒಂದೊಂದನ್ನೇ ಕಿತ್ತು ನೋಡುವುದು. ‘ದ ಕಿಂಗ್ ಗೇವ್ ದ ಎಲಿಫೆಂಟ್’ ಎಂದಷ್ಟೇ ಉಳಿದರೆ ಯಾರಿಗೆ ಎಂಬುದು ತಿಳಿಯದಿದ್ದರೂ ಕೊಟ್ಟದ್ದು ಆನೆಯೇ. ‘ದ ಕಿಂಗ್ ಗೇವ್ ದ ಮಿನಿಸ್ಟರ್’ ಎಂದು ಉಳಿದರೆ ಮಂತ್ರಿಯೇ ಕೊಡುಗೆಯಾಗಿಬಿಡುತ್ತಾನೆ. ಒಬ್ಬನೇ ಉಳಿದಾಗ ಯಾರ ಪಾತ್ರ ಬದಲಾಗುತ್ತದೋ ಅವನು ಪರೋಕ್ಷ ಕರ್ಮ. ‘ಟೀಚ್’, ‘ಟೆಲ್’, ‘ಪೇ’ ಮುಂತಾದ ಕೆಲವು ಪದಗಳಲ್ಲಿ ಮಾತ್ರ ಈ ಪರೀಕ್ಷೆ ಕೈಕೊಡುತ್ತದೆ. ‘ಶಿ ಟೀಚಸ್ ಚಿಲ್ಡ್ರನ್’ ಎಂದರೆ ಆಕೆ ಮಕ್ಕಳಿಗೆ ಕಲಿಸುತ್ತಾಳೆ ಎಂದೇ ಅರ್ಥ.

ಇಂಗ್ಲಿಷಿಗೆ ಹೀಗೆ ಎರಡು ಅಚ್ಚುಗಳು ಬಂದದ್ದು ಅದರ ಚರಿತ್ರೆಯಿಂದ. ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷ್ ಈ ವಿಷಯದಲ್ಲಿ ಕನ್ನಡಕ್ಕೆ ಹತ್ತಿರವಿತ್ತು. ಆಗ ನಾಮಪದಗಳಿಗೆ ವಿಭಕ್ತಿಯ ಬಾಲಗಳಿದ್ದವು. ರಾಜನಿಗೆ ‘ಕ್ಯುನಿಂಗ್’ ಎನ್ನುತ್ತಿದ್ದ ಆ ಭಾಷೆ ‘ರಾಜನಿಗೆ ಕೊಟ್ಟ’ ಎನ್ನುವಾಗ ಅದನ್ನು ‘ಕ್ಯುನಿಂಗೆ’ ಮಾಡುತ್ತಿತ್ತು. ಕನ್ನಡದ ‘ಗೆ’ಯೇ ಅಲ್ಲಿ ಕೂತಂತೆ ಕೇಳಿಸುವುದು ಬರಿಯ ಆಕಸ್ಮಿಕ. ‘ಗ್’ ಮೂಲಪದಕ್ಕೆ ಸೇರಿದ್ದು, ವಿಭಕ್ತಿ ಪ್ರತ್ಯಯವಾಗಿದ್ದದ್ದು ಕೊನೆಯ ‘ಎ’ ಸ್ವರ ಮಾತ್ರ. ಪದದ ಜೊತೆಗೆ ಅದರ ಹಿಂದಿನ ‘ದ’ ಕೂಡ ವಿಭಕ್ತಿಗೆ ತಕ್ಕಂತೆ ರೂಪ ಬದಲಿಸುತ್ತಿತ್ತು. ಗುರುತು ಅಷ್ಟು ಸ್ಪಷ್ಟವಾಗಿದ್ದುದರಿಂದ ವಸ್ತು ಮೊದಲೋ ವ್ಯಕ್ತಿ ಮೊದಲೋ ಎಂಬುದು ಬರೆಯುವವನ ಇಷ್ಟಕ್ಕೆ ಬಿಟ್ಟಿದ್ದಾಗಿತ್ತು.

ಆ ಬಾಲಗಳು ಉದುರಿದ್ದು ನಿಧಾನವಾಗಿ. ಇಂಗ್ಲಿಷಿನಲ್ಲಿ ಪದದ ಮೊದಲ ಭಾಗಕ್ಕೆ ಒತ್ತು ಬೀಳುತ್ತಿತ್ತು, ಒತ್ತಿಲ್ಲದ ಕೊನೆಯ ಸ್ವರಗಳು ಮಸುಕಾಗುತ್ತ ಬಂದವು. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಸ್ಕ್ಯಾಂಡಿನೇವಿಯದಿಂದ ಬಂದು ನೆಲೆಸಿದವರೊಡನೆ ದಿನನಿತ್ಯ ಮಾತಾಡಬೇಕಾದದ್ದೂ ಇದಕ್ಕೆ ಕಾರಣ ಎನ್ನುವ ವಿದ್ವಾಂಸರಿದ್ದಾರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಎರಡು ಮೂರು ಶತಮಾನಗಳಲ್ಲಿ ನಾಮಪದದ ಚತುರ್ಥಿ ಹೆಚ್ಚುಕಡಿಮೆ ಅಳಿಸಿಹೋಯಿತು. ಬಾಲ ಹೋದ ಮೇಲೆ ಪಡೆಯುವವರನ್ನು ಗುರುತಿಸಲು ಬೇರೆ ಉಪಾಯ ಬೇಕಾಯಿತು. ಒಂದು, ಜಾಗವನ್ನು ಬಿಗಿಮಾಡುವುದು. ಇನ್ನೊಂದು, ‘ಕಡೆಗೆ’ ಎಂಬ ಅರ್ಥದಲ್ಲಿ ಮೊದಲೇ ಬಳಕೆಯಲ್ಲಿದ್ದ ‘ಟು’ವಿಗೆ ಈ ಕೆಲಸವನ್ನೂ ವಹಿಸುವುದು. ಭಾಷೆ ಎರಡನ್ನೂ ಉಳಿಸಿಕೊಂಡಿತು.

ಹಳೆಯ ಚತುರ್ಥಿಯ ಒಂದು ತುಣುಕು ಇಂದಿಗೂ ಎಲ್ಲರ ಬಾಯಲ್ಲಿದೆ. ‘ಹಿಮ್’ ಎಂಬ ಸರ್ವನಾಮ ಮೂಲದಲ್ಲಿ ‘ಅವನಿಗೆ’ ಎಂಬ ಅರ್ಥದ್ದು. ‘ಅವನನ್ನು’ ಎನ್ನಲು ‘ಹಿನೆ’ ಎಂಬ ಬೇರೆ ಪದವಿತ್ತು. ‘ಹಿನೆ’ ಮಾಯವಾಗಿ ‘ಹಿಮ್’ ಒಂದೇ ಎರಡೂ ಕೆಲಸಕ್ಕೆ ನಿಂತಿತು. ಆದ್ದರಿಂದಲೇ ‘ಐ ಸಾ ಹಿಮ್’ ಎಂದರೆ ಅವನನ್ನು ನೋಡಿದೆ, ‘ಐ ಗೇವ್ ಹಿಮ್’ ಎಂದರೆ ಅವನಿಗೆ ಕೊಟ್ಟೆ.

ಎರಡು ಅಚ್ಚುಗಳಿರುವಾಗ ಯಾವಾಗ ಯಾವುದು? ಎರಡೂ ಸರಿಯೇ ಎಂದು ಹೇಳಿ ಮುಂದೆ ಹೋಗುವ ಪಾಠಪುಸ್ತಕಗಳು ಕಲಿಯುವವರಿಗೆ ಅನ್ಯಾಯ ಮಾಡುತ್ತವೆ. ಇಂಗ್ಲಿಷ್ ಮನೆಮಾತಿನವರು ಎರಡನ್ನೂ ಬಳಸುತ್ತಾರೆ, ಆದರೆ ಮನಬಂದಂತೆ ಅಲ್ಲ. ಕಚೇರಿಯೊಂದರ ಸಣ್ಣ ಸಂಗತಿಯಲ್ಲಿ ಇದನ್ನು ನೋಡಬಹುದು. ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತೆಯೊಬ್ಬಳು ತಿಂಗಳ ವರದಿಯನ್ನು ಮ್ಯಾನೇಜರಿಗೆ ಕಳಿಸಿದ್ದಾಳೆ. ಅದನ್ನು ಇಂಗ್ಲಿಷಿನಲ್ಲಿ ತಿಳಿಸಬೇಕು.

ಮ್ಯಾನೇಜರಿಗೆ ಏನು ಕಳಿಸಿದಿರಿ ಎಂದು ಯಾರೋ ಕೇಳಿದರೆ ‘ಐ ಸೆಂಟ್ ದ ಮ್ಯಾನೇಜರ್ ಎ ರಿಪೋರ್ಟ್’ ಎಂಬ ಉತ್ತರ ಸಹಜ. ಮ್ಯಾನೇಜರ್ ಆಗಲೇ ಮಾತಿನಲ್ಲಿ ಬಂದವರು, ಹೊಸದಾಗಿ ತಿಳಿಸಬೇಕಾದದ್ದು ವರದಿ. ಆ ವರದಿ ಎಲ್ಲಿ ಹೋಯಿತು ಎಂದು ಕೇಳಿದರೆ ‘ಐ ಸೆಂಟ್ ದ ರಿಪೋರ್ಟ್ ಟು ದ ಮ್ಯಾನೇಜರ್’ ಎನ್ನಬೇಕು. ಇಲ್ಲಿ ವರದಿ ಹಳೆಯ ಸುದ್ದಿ, ಮ್ಯಾನೇಜರ್ ಹೊಸ ಸುದ್ದಿ. ಗೊತ್ತಿರುವುದು ಮೊದಲು, ಹೊಸದು ಕೊನೆಗೆ. ಕನ್ನಡವೂ ತನ್ನ ರೀತಿಯಲ್ಲಿ ಇದನ್ನೇ ಪಾಲಿಸುತ್ತದೆ. ಏನು ಕಳಿಸಿದೆ ಎಂದರೆ ‘ಮ್ಯಾನೇಜರಿಗೆ ವರದಿ ಕಳಿಸಿದೆ’, ಯಾರಿಗೆ ಕಳಿಸಿದೆ ಎಂದರೆ ‘ವರದಿಯನ್ನು ಮ್ಯಾನೇಜರಿಗೆ ಕಳಿಸಿದೆ’. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಹೊಸ ಸುದ್ದಿಗೆ ಅದರ ಮಗ್ಗುಲಿನ ಜಾಗ ಸಿಗುತ್ತದೆ, ಇಂಗ್ಲಿಷಿನಲ್ಲಿ ವಾಕ್ಯದ ತುದಿಯೇ ಸಿಗುತ್ತದೆ. ಎರಡನೆಯ ಕನ್ನಡ ವಾಕ್ಯದಲ್ಲಿ ‘ವರದಿ’ಗೆ ‘ಅನ್ನು’ ತಾನಾಗಿ ಬಂದು ಸೇರಿದ್ದನ್ನೂ ಗಮನಿಸಬೇಕು. ನಿರ್ಜೀವ ವಸ್ತುವೊಂದು ಕ್ರಿಯಾಪದಕ್ಕೆ ಆತುಕೊಂಡಿರುವಾಗ ಕನ್ನಡ ಆ ಪ್ರತ್ಯಯವನ್ನು ಆರಾಮವಾಗಿ ಬಿಡುತ್ತದೆ. ಆ ವಸ್ತು ಇಂಥದ್ದೇ ಎಂದು ಗೊತ್ತಿದ್ದು, ಮುಂದಕ್ಕೆ ಸರಿದು ದೂರವಾದಾಗ ಪ್ರತ್ಯಯವನ್ನು ಕರೆಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ‘ಎ’ ಮತ್ತು ‘ದ’ ಮಾಡುವ ಕೆಲಸದ ಒಂದು ಪಾಲನ್ನು ಇಲ್ಲಿ ‘ಅನ್ನು’ ಮಾಡುತ್ತಿದೆ.

ಈಗ ಮ್ಯಾನೇಜರ್ ಬದಲಾಗಿದ್ದಾರೆ ಎಂದುಕೊಳ್ಳೋಣ. ಹೋದ ವಾರ ಹುಬ್ಬಳ್ಳಿ ಶಾಖೆಯಿಂದ ವರ್ಗವಾಗಿ ಬಂದ ಮ್ಯಾನೇಜರಿಗೆ ವರದಿ ಕಳಿಸಲಾಗಿದೆ. ಇಷ್ಟುದ್ದದ ಮಾತನ್ನು ಇಂಗ್ಲಿಷಿನಲ್ಲಿ ‘ಸೆಂಟ್’ ಆದ ತಕ್ಷಣ ಇಟ್ಟರೆ ಪುಟ್ಟ ‘ರಿಪೋರ್ಟ್’ ಎಲ್ಲೋ ಕೊನೆಯಲ್ಲಿ ಅನಾಥವಾಗಿ ತೂಗಾಡುತ್ತದೆ, ಓದುವವರು ಅದು ಬರುವವರೆಗೆ ಉಸಿರು ಹಿಡಿದು ಕಾಯಬೇಕಾಗುತ್ತದೆ. ಆದ್ದರಿಂದ ಭಾರದ ಪದಗುಚ್ಛ ಕೊನೆಗೆ ಹೋಗುತ್ತದೆ. ವರದಿ ಮೊದಲು, ಆಮೇಲೆ ‘ಟು’, ಆಮೇಲೆ ಆ ಉದ್ದನೆಯ ಮ್ಯಾನೇಜರ್. ವರದಿಯೇ ಉದ್ದವಾಗಿದ್ದರೆ, ಅಂದರೆ ಮೂರು ಜಿಲ್ಲೆಗಳ ಖರ್ಚುವೆಚ್ಚ ಕೂಡಿಸಿದ ವರದಿ ಎಂದು ಬರೆಯಬೇಕಾಗಿದ್ದರೆ, ‘ಐ ಸೆಂಟ್ ದ ಮ್ಯಾನೇಜರ್’ ಎಂದು ಮೊದಲೇ ಮುಗಿಸಿ, ವರದಿಯ ವಿವರವನ್ನು ಕೊನೆಗೆ ಬಿಡುವುದು ಹಗುರ.

ಭಾರದ ಇನ್ನೊಂದು ತುದಿಯಲ್ಲಿ ಸರ್ವನಾಮಗಳಿವೆ. ‘ಮೀ’, ‘ಹಿಮ್’, ‘ದೆಮ್’ ಎಂಬ ಪುಟ್ಟ ಪದಗಳು ಕ್ರಿಯಾಪದಕ್ಕೆ ಅಂಟಿಕೊಂಡು ಇರಲು ಬಯಸುತ್ತವೆ. ಅದಕ್ಕೇ ‘ಸೆಂಡ್ ಮೀ ದ ರಿಪೋರ್ಟ್’ ಎಂಬುದು ಅಷ್ಟು ಸಲೀಸು. ವಸ್ತು ‘ಇಟ್’ ಆದಾಗ ಮಾತ್ರ ಲೆಕ್ಕ ತಿರುಗುತ್ತದೆ. ‘ಇಟ್’ ಒತ್ತಿಲ್ಲದ, ಎಲ್ಲಕ್ಕಿಂತ ಹಗುರವಾದ ಪದ. ವಾಕ್ಯದ ತುದಿಯಲ್ಲಿ ನಿಲ್ಲುವ ತ್ರಾಣ ಅದಕ್ಕಿಲ್ಲ. ‘ಸೆಂಡ್ ದ ಮ್ಯಾನೇಜರ್ ಇಟ್’ ಎನ್ನದೆ ‘ಸೆಂಡ್ ಇಟ್ ಟು ದ ಮ್ಯಾನೇಜರ್’ ಎನ್ನಬೇಕು. ಎರಡೂ ಸರ್ವನಾಮಗಳಾದಾಗಲೂ ‘ಸೆಂಡ್ ಇಟ್ ಟು ಮೀ’ ಎಂಬುದೇ ಎಲ್ಲ ಕಡೆ ಸಲ್ಲುವ ರೂಪ. ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ‘ಗಿವ್ ಇಟ್ ಮೀ’ ಎಂದು ‘ಟು’ ಇಲ್ಲದೆಯೂ ಹೇಳುವವರಿದ್ದಾರೆ. ಬರವಣಿಗೆಯಲ್ಲಿ ಅದನ್ನು ಅನುಸರಿಸುವುದು ಬೇಡ.

ಹೊಸತು, ಹಳತು, ಭಾರ, ಸರ್ವನಾಮ ಇವೆಲ್ಲ ಕೇವಲ ಮೇಷ್ಟರ ಕಿವಿಮಾತಲ್ಲ ಎಂಬುದಕ್ಕೆ ಆಧಾರವಿದೆ. ಅಮೆರಿಕದ ಭಾಷಾವಿಜ್ಞಾನಿ ಜೋನ್ ಬ್ರೆಸ್ನನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಟೆಲಿಫೋನ್ ಸಂಭಾಷಣೆಗಳಿಂದ ಇಂಥ 2,360 ಪ್ರಯೋಗಗಳನ್ನು ಹೆಕ್ಕಿ ತೂಗಿ ನೋಡಿದರು. ಮಾತಾಡುವವರು ಯಾವ ಅಚ್ಚನ್ನು ಆರಿಸುತ್ತಾರೆ ಎಂಬುದನ್ನು ಇಂಥ ಕೆಲವೇ ಅಂಶಗಳಿಂದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಸರಿಯಾಗಿ ಊಹಿಸಬಹುದಾಗಿತ್ತು. ಯಾವುದೂ ಒಂಟಿಯಾಗಿ ನಿಯಮವಲ್ಲ, ಎಲ್ಲವೂ ಕೂಡಿ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತವೆ.

ತಕ್ಕಡಿಯ ಮಾತೇ ಬಾರದ ಜಾಗವೂ ಒಂದಿದೆ, ಅಲ್ಲಿ ಅರ್ಥವೇ ತೀರ್ಪು ಕೊಡುತ್ತದೆ. ‘ಐ ಸೆಂಟ್ ದ ರಿಪೋರ್ಟ್ ಟು ಮೈಸೂರ್’ ಎಂಬುದು ಸರಿ. ‘ಐ ಸೆಂಟ್ ಮೈಸೂರ್ ದ ರಿಪೋರ್ಟ್’ ಎಂದರೆ ಮೈಸೂರು ಎಂಬ ಊರು ಕೈಚಾಚಿ ವರದಿ ಪಡೆದಂತೆ ಕೇಳಿಸುತ್ತದೆ. ಮೈಸೂರು ಎಂದರೆ ಅಲ್ಲಿನ ಶಾಖಾ ಕಚೇರಿ ಎಂದು ಕಚೇರಿಯವರಿಗೆಲ್ಲ ತಿಳಿದಿದ್ದರೆ ಮಾತ್ರ ಅದು ಸಲ್ಲುತ್ತದೆ. ಏಕೆಂದರೆ ಮೊದಲ ಅಚ್ಚು ಬರಿಯ ಸಾಗಣೆಯನ್ನು ಹೇಳುವುದಿಲ್ಲ, ವಸ್ತು ಒಬ್ಬರ ಪಾಲಾಗುವುದನ್ನು ಹೇಳುತ್ತದೆ. ಪಡೆಯಬಲ್ಲವರೇ ಆ ಜಾಗದಲ್ಲಿ ಕೂರಬೇಕು. ಕನ್ನಡದ ‘ಗೆ’ ಊರಿಗೂ ಸಲ್ಲುತ್ತದೆ, ಜನರಿಗೂ ಸಲ್ಲುತ್ತದೆ. ‘ಮೈಸೂರಿಗೆ ಕಳಿಸಿದೆ’, ‘ಮ್ಯಾನೇಜರಿಗೆ ಕಳಿಸಿದೆ’ ಎರಡರಲ್ಲೂ ಅದೇ ಪ್ರತ್ಯಯ. ಈ ಭೇದ ಕನ್ನಡಿಗರ ಕಣ್ಣಿಗೆ ಬೀಳದಿರಲು ಕಾರಣ ಅದೇ. ಹಾಗೆಂದು ಕನ್ನಡಕ್ಕೆ ಈ ಭೇದ ಗೊತ್ತೇ ಇಲ್ಲ ಎನ್ನುವಂತಿಲ್ಲ. ‘ಡಾಕ್ಟರಿಗೆ ಪತ್ರ ಕಳಿಸಿದೆ’ ಎನ್ನುವ ನಾಲಿಗೆ ‘ಮಗುವನ್ನು ಡಾಕ್ಟರ ಹತ್ತಿರ ಕಳಿಸಿದೆ’ ಎನ್ನುತ್ತದೆ. ಪತ್ರ ಡಾಕ್ಟರ ಪಾಲಾಗುತ್ತದೆ, ಮಗು ಅವರ ಬಳಿ ಹೋಗಿಬರುತ್ತದೆ. ಇಂಗ್ಲಿಷಿನಲ್ಲಿಯೂ ಪತ್ರಕ್ಕೆ ಎರಡು ಅಚ್ಚೂ ಒಪ್ಪುತ್ತವೆ, ಮಗುವಿಗೆ ‘ಟು’ ಅಚ್ಚೊಂದೇ. ‘ಹತ್ತಿರ’ ಅಥವಾ ‘ಬಳಿಗೆ’ ಎನ್ನಬೇಕಾದ ಕಡೆ ‘ಟು’ ಬಿಡಬಾರದು ಎಂದು ನೆನಪಿಟ್ಟುಕೊಂಡರೆ ಈ ತೊಡಕು ಬಹುಮಟ್ಟಿಗೆ ಬಗೆಹರಿಯುತ್ತದೆ.

ಕೊಡುವುದಕ್ಕೆ ಮೊದಲು ವಸ್ತುವನ್ನು ಮಾಡಬೇಕಾದ ಅಥವಾ ಕೊಳ್ಳಬೇಕಾದ ಸಂದರ್ಭಗಳಲ್ಲಿ ‘ಟು’ ಬದಲು ‘ಫಾರ್’ ಬರುತ್ತದೆ. ‘ಶಿ ಮೇಡ್ ಹರ್ ಸನ್ ಎ ದೋಸೆ’ ಎಂಬುದನ್ನು ತಿರುಗಿಸಿದರೆ ‘ಮೇಡ್ ಎ ದೋಸೆ ಫಾರ್ ಹರ್ ಸನ್’. ಕನ್ನಡ ಇಲ್ಲಿ ಅಚ್ಚುಕಟ್ಟಾದ ಉಪಾಯವೊಂದನ್ನು ಹೂಡಿದೆ. ‘ಮಗನಿಗೆ ದೋಸೆ ಮಾಡಿಕೊಟ್ಟಳು’ ಎಂದು ಮಾಡುವ ಕ್ರಿಯೆಗೆ ‘ಕೊಡು’ವನ್ನೇ ಜೋಡಿಸಿ, ಮೂರನೆಯವರಿಗೆ ಜಾಗ ಮಾಡಿಕೊಡುತ್ತದೆ. ಹೊಲಿದುಕೊಟ್ಟ, ಬರೆದುಕೊಟ್ಟ, ತಂದುಕೊಟ್ಟ ಎಂಬಲ್ಲೆಲ್ಲ ‘ಕೊಡು’ ಅದೇ ಕೆಲಸ ಮಾಡುತ್ತಿದೆ. ‘ಬೈ’, ‘ಮೇಕ್’, ‘ಕುಕ್’ ಮುಂತಾದುವಕ್ಕೆ ‘ಟು’ ಹಾಕಬೇಕೋ ‘ಫಾರ್’ ಹಾಕಬೇಕೋ ಎಂಬ ಅನುಮಾನ ಬಂದರೆ ಕನ್ನಡದಲ್ಲಿ ಹೇಳಿ ನೋಡಬಹುದು. ಆ ಕೆಲಸಕ್ಕೆ ‘ಕೊಟ್ಟ’ ಎಂಬುದನ್ನು ಬೇರೆಯಾಗಿ ಜೋಡಿಸಬೇಕಾಗಿ ಬಂದರೆ, ಸಾಮಾನ್ಯವಾಗಿ ಇಂಗ್ಲಿಷ್ ಬಯಸುವುದು ‘ಫಾರ್’ ಅನ್ನು.

ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದು ಬೇರೊಂದು ಗುಂಪಿನ ಕ್ರಿಯಾಪದಗಳಲ್ಲಿ. ‘ಪ್ಲೀಸ್ ಎಕ್ಸ್‌ಪ್ಲೇನ್ ಮೀ ದಿಸ್ ಲೆಸನ್’, ‘ಸಜೆಸ್ಟ್ ಮೀ ಎ ಗುಡ್ ಬುಕ್’, ‘ಹಿ ಸೆಡ್ ಮೀ’ ಎಂಬವು ತರಗತಿಯಲ್ಲೂ ಕಚೇರಿಯಲ್ಲೂ ದಿನವೂ ಕೇಳುವ ವಾಕ್ಯಗಳು. ‘ನನಗೆ ವಿವರಿಸಿ’, ‘ನನಗೆ ಹೇಳಿದ’ ಎಂಬುದು ‘ನನಗೆ ಕೊಡಿ’ ಎಂಬುದರ ಹಾಗೆಯೇ ಇರುವಾಗ ‘ಗಿವ್ ಮೀ’ ಸರಿಯಾದರೆ ‘ಎಕ್ಸ್‌ಪ್ಲೇನ್ ಮೀ’ ಏಕೆ ತಪ್ಪು ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಪದಗಳ ಹುಟ್ಟಿನಲ್ಲಿದೆ. ‘ಗಿವ್’, ‘ಸೆಂಡ್’, ‘ಟೆಲ್’, ‘ಶೋ’, ‘ಟೀಚ್’, ‘ಲೆಂಡ್’, ‘ಬ್ರಿಂಗ್’ ಇವೆಲ್ಲ ಇಂಗ್ಲಿಷಿನ ಹಳೆಯ ಮನೆಪದಗಳು, ಒಂದೇ ಉಸಿರಿನವು. ‘ಎಕ್ಸ್‌ಪ್ಲೇನ್’, ‘ಡಿಸ್ಕ್ರೈಬ್’, ‘ಸಜೆಸ್ಟ್’, ‘ಡೊನೇಟ್’ ಇವು ಲ್ಯಾಟಿನ್ ಮೂಲದವು, ಕೆಲವು ಫ್ರೆಂಚ್ ಮೂಲಕ ಬಂದವು. ಅಂಥ ಪದಗಳಲ್ಲಿ ಹೆಚ್ಚಿನವು ‘ಟು’ ಅಚ್ಚಿಗಷ್ಟೇ ಒಗ್ಗಿಕೊಂಡವು. ‘ಎಕ್ಸ್‌ಪ್ಲೇನ್ ದ ಲೆಸನ್ ಟು ಮೀ’ ಎಂದೇ ಹೇಳಬೇಕು. ‘ಸೇ’ ಮಾತ್ರ ಮನೆಪದವಾಗಿದ್ದೂ ಈ ಸಾಲಿಗೆ ಸೇರಿಕೊಂಡಿದೆ. ಕನ್ನಡದ ‘ಹೇಳು’ ಒಂದೇ ಪದ ‘ಸೇ’, ‘ಟೆಲ್’ ಎರಡಕ್ಕೂ ದುಡಿಯುವುದರಿಂದ ಗೊಂದಲ ಇಮ್ಮಡಿ: ‘ಟೆಲ್ ಮೀ’ ಸರಿ, ‘ಸೇ ಮೀ’ ತಪ್ಪು, ‘ಸೇ ಟು ಮೀ’ ಸರಿ, ‘ಟೆಲ್ ಟು ಮೀ’ ತಪ್ಪು.

ಹುಟ್ಟು ನೋಡಿ ತೀರ್ಮಾನಿಸುವ ಈ ಸೂತ್ರಕ್ಕೆ ಮಿತಿಯಿದೆ. ರಜಾ ಅರ್ಜಿಯ ‘ಗ್ರಾಂಟ್’ ಫ್ರೆಂಚಿನಿಂದ ಬಂದದ್ದಾದರೂ ‘ಗ್ರಾಂಟ್ ಮೀ’ ಸರಿಯೇ. ‘ಪ್ರಾಮಿಸ್’ ಕೂಡ ಹಾಗೆಯೇ. ಸಾಮಾನ್ಯ ಇಂಗ್ಲಿಷ್ ಮಾತಾಡುವವನಿಗೆ ಪದದ ಜಾತಕ ಗೊತ್ತಿರುವುದೂ ಇಲ್ಲ. ಅವನ ಕಿವಿ ಹಿಡಿಯುವುದು ಪದದ ದನಿಯನ್ನು. ಒಂದೇ ಉಚ್ಚಾರಾಂಶದ ಪದ ಅಥವಾ ಮೊದಲ ಭಾಗಕ್ಕೆ ಒತ್ತು ಬೀಳುವ ಪದ ಮನೆಯದೆಂದು ತೋರುತ್ತದೆ, ‘ಎಕ್ಸ್‌ಪ್ಲೇನ್’ನಂತೆ ಎರಡನೆಯ ಭಾಗಕ್ಕೆ ಒತ್ತು ಬೀಳುವುದು ಹೊರಗಿನದೆಂದು ತೋರುತ್ತದೆ. ಈ ಲೆಕ್ಕಕ್ಕೂ ‘ಅಸೈನ್’, ‘ಅವಾರ್ಡ್’ ಮುಂತಾದ ಅಪವಾದಗಳಿವೆ. ಆದರೂ ಹೊಸ ಪದವೊಂದು ಎದುರಾದಾಗ ಒತ್ತು ಎಲ್ಲಿದೆ ಎಂದು ಕೇಳಿಸಿಕೊಂಡರೆ ಊಹೆ ಬಹಳ ಸಲ ಸರಿಯಾಗುತ್ತದೆ. ಅನುಮಾನ ಬಂದಾಗ ವಸ್ತುವನ್ನು ಮೊದಲು ಹೇಳಿ ‘ಟು’ ಬಳಸುವುದು ಕ್ಷೇಮ. ಈ ಬಗೆಯ ಪದಗಳಲ್ಲಿ ಬಹುತೇಕ ಎಲ್ಲವೂ ಆ ಅಚ್ಚನ್ನು ಒಪ್ಪುತ್ತವೆ.

ಈ ಭೇದ ಕರ್ಮಣಿ ಪ್ರಯೋಗಕ್ಕೂ ಹರಿದುಬರುತ್ತದೆ. ‘ವಿದ್ಯಾರ್ಥಿಗಳಿಗೆ ಪುಸ್ತಕ ನೀಡಲಾಯಿತು’ ಎಂದು ಕನ್ನಡ ಪತ್ರಿಕೆ ಬರೆಯುವಾಗ ವಿದ್ಯಾರ್ಥಿಗಳ ‘ಗೆ’ ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಪಡೆಯುವವರೇ ಕರ್ತೃವಿನ ಪೀಠಕ್ಕೆ ಏರಿ ‘ದ ಸ್ಟೂಡೆಂಟ್ಸ್ ವರ್ ಗಿವನ್ ಬುಕ್ಸ್’ ಎಂದಾಗುತ್ತದೆ. ಆಗ ಕ್ರಿಯಾಪದ ಅವರ ಸಂಖ್ಯೆಯನ್ನು ಅನುಸರಿಸುತ್ತದೆ. ಒಬ್ಬ ಹುಡುಗನಿಗೆ ಹತ್ತು ಪುಸ್ತಕ ಕೊಟ್ಟರೂ ‘ದ ಬಾಯ್ ವಾಸ್ ಗಿವನ್’ ಎಂದೇ ಬರಬೇಕು. ಮೊದಲ ಅಚ್ಚಿಗೆ ಒಗ್ಗುವ ಪದಗಳಿಗೆ ಮಾತ್ರ ಈ ಸೌಲಭ್ಯ. ಆದ್ದರಿಂದ ‘ಐ ವಾಸ್ ಟೋಲ್ಡ್ ದ ರೂಲ್ಸ್’ ಸರಿ, ‘ಐ ವಾಸ್ ಎಕ್ಸ್‌ಪ್ಲೇನ್ಡ್ ದ ರೂಲ್ಸ್’ ತಪ್ಪು. ಎರಡನೆಯದು ಭಾರತದ ಕಚೇರಿ ಪತ್ರಗಳಲ್ಲಿ ಎಷ್ಟು ಬೇರೂರಿದೆ ಎಂದರೆ ಅದು ತಪ್ಪೆಂದು ಹೊಳೆಯುವುದೇ ಅಪರೂಪ.

ಸಂದೇಶ ಕಳಿಸುವ ಹೊಸ ಸಾಧನಗಳು ಬಂದಂತೆಲ್ಲ ಅವುಗಳ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದಗಳಾಗಿವೆ. ಯಾರೂ ಕಲಿಸದೆಯೇ ಅವು ಮೊದಲ ಅಚ್ಚಿನಲ್ಲಿ ಹೋಗಿ ಕೂತಿವೆ. ಫ್ಯಾಕ್ಸ್, ಇಮೇಲ್, ಟೆಕ್ಸ್ಟ್ ಮೂರಕ್ಕೂ ಮೊದಲ ಭಾಗದಲ್ಲೇ ಒತ್ತು, ಮೂರೂ ಒಬ್ಬರಿಗೆ ಏನನ್ನೋ ತಲುಪಿಸುವಂಥವು. ಆದ್ದರಿಂದ ‘ಟೆಕ್ಸ್ಟ್ ಮೀ ದ ಅಡ್ರೆಸ್’, ‘ಇಮೇಲ್ ಹಿಮ್ ದ ಬಿಲ್’ ಎಂಬುವಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಕನ್ನಡಿಗರು ಅದೇ ಪದಕ್ಕೆ ‘ಮಾಡು’ ಸೇರಿಸಿ, ವ್ಯಕ್ತಿಗೆ ‘ಗೆ’ ಹಚ್ಚಿ, ‘ನನಗೆ ಅಡ್ರೆಸ್ ವಾಟ್ಸಾಪ್ ಮಾಡು’ ಎನ್ನುತ್ತಾರೆ. ‘ಅಡ್ರೆಸ್ ನನಗೆ ವಾಟ್ಸಾಪ್ ಮಾಡು’ ಎಂದು ತಿರುಗಿಸಿದರೂ ವಿಳಾಸ ಬರುವುದು ಅದೇ ಫೋನಿಗೆ.